ಕ್ವಿಂಟಾಲಿಗೆ ಎಷ್ಟು ಉಳೀತು: ಎಣ್ಣೆ ಮಿಲ್ಲಿನ ಲೆಕ್ಕವನ್ನು ಅಲುಗಾಡಿಸಿ ನೋಡಿದ ನನ್ನ ಅನುಭವ

2023ರ ಕೊನೆಯಲ್ಲಿ ನಮ್ಮ ಭಾವ ತಿಪಟೂರಿನ ಹತ್ತಿರ ಕೊಬ್ಬರಿ ಎಣ್ಣೆ ಮಿಲ್ ಹಾಕುವ ಮಾತೆತ್ತಿದರು. ತೋಟ ಅವರದೇ, ಕೊಬ್ಬರಿ ವ್ಯಾಪಾರವೂ ಗೊತ್ತು. ನಾನು ತುಮಕೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುವವನು. ಲೆಕ್ಕ ಬರೆದುಕೊಡು ಅಂದರು, ಜೊತೆಗೆ ನನ್ನ ಉಳಿತಾಯದ ಹತ್ತು ಲಕ್ಷವನ್ನೂ ಹಾಕು ಅಂದರು. ಬೇರೆಯವರ ಪ್ರಾಜೆಕ್ಟ್ ರಿಪೋರ್ಟುಗಳನ್ನು ವರ್ಷಗಟ್ಟಲೆ ಮಾಡಿಕೊಟ್ಟಿದ್ದೆ. ನನ್ನ ದುಡ್ಡು ಹೋಗುವ ರಿಪೋರ್ಟು ಮಾಡಿದ್ದು ಅದೇ ಮೊದಲು, ಹಾಗಾಗಿ ಒಂದೊಂದು ಅಂಕಿಯ ಮುಂದೆಯೂ ನಿಂತು ಯೋಚಿಸಿದೆ.

ಮೊದಲು ಮೂಲ ಲೆಕ್ಕ. ದಿನಕ್ಕೆ 10 ಕ್ವಿಂಟಾಲ್ ಕೊಬ್ಬರಿ ಅರೆಯುವ ಎಕ್ಸ್‌ಪೆಲ್ಲರ್, ಶೆಡ್ಡು, ಫಿಲ್ಟರ್, ಕರೆಂಟ್ ಕನೆಕ್ಷನ್ ಎಲ್ಲ ಸೇರಿ ₹40 ಲಕ್ಷ. ಮಳೆಗಾಲ ಬಿಟ್ಟು ವರ್ಷಕ್ಕೆ 250 ದಿನ ಓಟ, ಅಂದರೆ 2,500 ಕ್ವಿಂಟಾಲ್. ಎಣ್ಣೆಗೆ ಹೋಗುವ ಹೋಳು ಕೊಬ್ಬರಿಗೆ ಕ್ವಿಂಟಾಲಿಗೆ ₹10,000 ಇಟ್ಟುಕೊಂಡೆ. ಒಂದು ಕ್ವಿಂಟಾಲಿಗೆ 62 ಕೆಜಿ ಎಣ್ಣೆ, 34 ಕೆಜಿ ಹಿಂಡಿ, ಉಳಿದದ್ದು ತೇವ ಮತ್ತು ನಷ್ಟ. ಎಣ್ಣೆ ಸಗಟಿನಲ್ಲಿ ಕೆಜಿಗೆ ₹163, ಹಿಂಡಿ ₹26. ಹೀಗೆ ಒಂದು ಕ್ವಿಂಟಾಲಿನಿಂದ ಬರುವುದು ₹10,990, ಕೊಬ್ಬರಿಯ ದುಡ್ಡು ಕಳೆದರೆ ಉಳಿಯುವುದು ₹990. ಅದರಲ್ಲಿ ಕರೆಂಟು, ಪ್ಯಾಕಿಂಗು, ಹಮಾಲಿಗೆ ₹180 ಹೋಗುತ್ತದೆ. ಸಂಬಳ, ರಿಪೇರಿ, ವಿಮೆ ಮುಂತಾದ ಸ್ಥಿರ ಖರ್ಚು ವರ್ಷಕ್ಕೆ ₹7 ಲಕ್ಷ. ಕೊನೆಗೆ ವರ್ಷಕ್ಕೆ ಕೈಗೆ ಬರುವುದು ₹13.25 ಲಕ್ಷ. ತೆರಿಗೆಯ ಲೆಕ್ಕ ನನ್ನ ಹಾಳೆಯಲ್ಲಿತ್ತು, ಇಲ್ಲಿ ಹೇಳುವುದು ಸುಲಭವಾಗಲಿ ಅಂತ ಬಿಟ್ಟಿದ್ದೇನೆ.

ಇದರ ಮೇಲೆ ಓಡಾಡುವ ದುಡ್ಡು ಬೇರೆ ಬೇಕು. ಕೊಬ್ಬರಿ ನಗದಿಗೆ ತರಬೇಕು, ಅಂಗಡಿಗಳಿಗೆ ಎಣ್ಣೆ ಸಾಲಕ್ಕೆ ಕೊಡಬೇಕು. ಹತ್ತು ದಿನದ ಸ್ಟಾಕು, ಹದಿನೈದು ದಿನದ ಉದ್ರಿ, ಒಟ್ಟು 25 ದಿನ. ದಿನಕ್ಕೆ ಒಂದು ಲಕ್ಷದ ಕೊಬ್ಬರಿ, ಹಾಗಾಗಿ ₹25 ಲಕ್ಷ. ಹತ್ತು ವರ್ಷದ ಕೊನೆಗೆ ಇದು ವಾಪಸ್ ಬರುತ್ತದೆ, ಯಂತ್ರದ ಗುಜರಿಗೂ ₹4 ಲಕ್ಷ ಸಿಗುತ್ತದೆ ಅಂದುಕೊಂಡೆ. ಮುಂದೆ ಬರುವ ದುಡ್ಡನ್ನೆಲ್ಲ ಶೇ 12ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿ, ಇವತ್ತು ಹಾಕುವ ದುಡ್ಡನ್ನು ಕಳೆದರೆ ಉಳಿಯುವ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ, ₹19.2 ಲಕ್ಷ ಬಂತು. ಹೂಡಿಕೆಯ ಗಳಿಕೆ ದರ ಹೆಚ್ಚುಕಡಿಮೆ ಶೇ 18.

ಎಕ್ಸೆಲ್‌ನಲ್ಲಿ ಇಲ್ಲೇ ಒಂದು ತಪ್ಪು ಬಹಳ ಜನ ಮಾಡುವುದನ್ನು ನೋಡಿದ್ದೇನೆ. `NPV` ಸೂತ್ರ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷ ಆಚೆಯದು ಅಂತ ಹಿಡಿಯುತ್ತದೆ. ಇವತ್ತೇ ಹಾಕುವ ದುಡ್ಡನ್ನು ಅದರೊಳಗೆ ಸೇರಿಸಿದರೆ ₹19.2 ಲಕ್ಷದ ಬದಲು ₹17.1 ಲಕ್ಷ ಬರುತ್ತದೆ. ಹೂಡಿಕೆಯನ್ನು ಹೊರಗಿಟ್ಟು ಹೀಗೆ ಬರೆಯಬೇಕು:

```
=B4+NPV(B1,C4:L4)
```

`B1` ದರ, `B4` ಇವತ್ತಿನ ಹೂಡಿಕೆ (ಮೈನಸ್ ಅಂಕಿ), `C4` ರಿಂದ `L4` ಹತ್ತು ವರ್ಷದ ನಗದು.

ಆಮೇಲೆ ಬ್ಯಾಂಕಿನವರು ಕೇಳುವ ಸೆನ್ಸಿಟಿವಿಟಿ ಕೋಷ್ಟಕಕ್ಕೆ ಕೂತೆ. ನಾನು ವರ್ಷಗಟ್ಟಲೆ ಮಾಡಿಕೊಂಡು ಬಂದ ಪದ್ಧತಿ ಎಂದರೆ ಪ್ರತಿಯೊಂದು ಅಂಕಿಯನ್ನೂ ಒಂದೊಂದಾಗಿ ಶೇ 10 ಮೇಲೆ ಕೆಳಗೆ ಮಾಡಿ, ಉಳಿದವನ್ನು ಹಾಗೇ ಬಿಟ್ಟು, ಎನ್‌ಪಿವಿ ಏನಾಗುತ್ತದೆ ಅಂತ ಬರೆಯುವುದು. ಯಂತ್ರದ ವೆಚ್ಚ ಶೇ 10 ಏರಿದರೆ ಎನ್‌ಪಿವಿ ₹15.2 ಲಕ್ಷಕ್ಕೆ ಇಳಿಯಿತು. ಓಟದ ದಿನ 225ಕ್ಕೆ ಇಳಿದರೆ ₹7.8 ಲಕ್ಷ. ಎಣ್ಣೆ ದರ ಶೇ 10 ಬಿದ್ದರೆ ಮಾತ್ರ ಮೈನಸ್ ₹1.24 ಕೋಟಿ! ಕೊಬ್ಬರಿ ದರ ಶೇ 10 ಏರಿದರೂ ಅಷ್ಟೇ, ಮೈನಸ್ ₹1.24 ಕೋಟಿ. ₹65 ಲಕ್ಷ ಹಾಕುವ ವ್ಯವಹಾರದಲ್ಲಿ ಅದರ ಎರಡರಷ್ಟು ಮುಳುಗುತ್ತದೆ ಅಂತ ಹಾಳೆ ಹೇಳುತ್ತಿತ್ತು. ಇದು ನಿಜವಾಗಿದ್ದರೆ ತಿಪಟೂರು, ಅರಸೀಕೆರೆ ಕಡೆ ಒಂದು ಮಿಲ್ಲೂ ಉಳಿಯಬಾರದಿತ್ತು.

ಸೂತ್ರದಲ್ಲೇ ತಪ್ಪಿದೆಯೇನೋ ಅಂತ ಎರಡು ರಾತ್ರಿ ಹುಡುಕಿದೆ. ಸೂತ್ರ ಸರಿಯಾಗಿಯೇ ಇತ್ತು. ಮೂರನೆಯ ದಿನ ಭಾವ ನನ್ನನ್ನು ತಮಗೆ ಪರಿಚಯವಿದ್ದ ಒಬ್ಬ ಹಳೆಯ ಮಿಲ್ ಯಜಮಾನರ ಹತ್ತಿರ ಕರೆದುಕೊಂಡು ಹೋದರು. ನಾನು ಎಣ್ಣೆ ದರ ಎಷ್ಟು ಬೀಳಬಹುದು ಅಂತ ಕೇಳಿದೆ. ಅವರು, "ರೇಟು ಕೇಳ್ಬೇಡಿ ಸ್ವಾಮಿ, ಅದು ನಮ್ಮ ಕೈಲಿಲ್ಲ. ಕ್ವಿಂಟಾಲಿಗೆ ಎಷ್ಟು ಉಳೀತು ಅಂತ ಕೇಳಿ" ಅಂದು ಗಲ್ಲಾಪೆಟ್ಟಿಗೆ ಕೆಳಗಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಪ್ರತಿ ವಾರ ಮೂರೇ ಅಂಕಿ ಬರೆದಿದ್ದರು: ಕೊಬ್ಬರಿ ಕೊಂಡ ದರ, ಎಣ್ಣೆ ಮಾರಿದ ದರ, ಹಿಂಡಿ ಮಾರಿದ ದರ. ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ ಉಳಿದದ್ದು. ಮೂರು ವರ್ಷದ ಪುಟಗಳನ್ನು ತಿರುವಿದೆ. ಕೊಬ್ಬರಿ ದರ ಸಾವಿರಗಳಲ್ಲಿ ಏರಿಳಿದಿತ್ತು. ಕೆಂಪು ಅಂಕಿ ಮಾತ್ರ ₹720ರಿಂದ ₹1,180ರ ನಡುವೆಯೇ ಓಡಾಡಿತ್ತು.

ಅಲ್ಲಿಗೆ ನನ್ನ ಕೋಷ್ಟಕದ ದೋಷ ಕಣ್ಣಿಗೆ ಬಿತ್ತು. ಎಣ್ಣೆ ದರ, ಕೊಬ್ಬರಿ ದರ ಎರಡೂ ಬೇರೆ ಬೇರೆ ಅಂಕಿಗಳಲ್ಲ, ಒಂದೇ ಹಗ್ಗದ ಎರಡು ತುದಿ. ಎಣ್ಣೆ ಬಿದ್ದರೆ ಮಿಲ್ಲಿನವರು ಕೊಬ್ಬರಿಗೆ ಕಡಿಮೆ ಕೂಗುತ್ತಾರೆ, ಕೊಬ್ಬರಿ ಏರಿದರೆ ಕೆಲವು ದಿನದಲ್ಲಿ ಎಣ್ಣೆಯೂ ಏರುತ್ತದೆ. ಒಂದನ್ನು ಎಳೆದು ಇನ್ನೊಂದನ್ನು ಕಟ್ಟಿಹಾಕಿದರೆ ಮಾರುಕಟ್ಟೆಯಲ್ಲಿ ಎಂದೂ ಆಗದ ಸ್ಥಿತಿಯ ಲೆಕ್ಕ ಬರುತ್ತದೆ. ಅಲುಗಾಡಿಸಬೇಕಾದದ್ದು ಅವೆರಡರ ನಡುವಿನ ಅಂತರವನ್ನು, ಆ ಕೆಂಪು ಅಂಕಿಯನ್ನು. ಅದನ್ನೂ ಶೇ 10 ಅಂತ ಸುಮ್ಮನೆ ಹಾಕುವುದಲ್ಲ, ಪುಸ್ತಕದಲ್ಲಿ ನಿಜವಾಗಿ ಎಲ್ಲಿಂದ ಎಲ್ಲಿಗೆ ಹೋಗಿತ್ತೋ ಅಷ್ಟು. ಪ್ರತಿ ಅಂಕಿಗೂ ಅದರದೇ ಅಳತೆ ಬೇಕು. ಯಂತ್ರದ ಬೆಲೆ ಕೊಟೇಶನ್ ಕೈಯಲ್ಲಿದ್ದ ಮೇಲೆ ಶೇ 5ಕ್ಕಿಂತ ಹೆಚ್ಚು ಅಲುಗುವುದಿಲ್ಲ. ಅಂತರ ಕಾಲು ಭಾಗದಷ್ಟು ಬೀಳುವುದು ಮಾಮೂಲು.

ಆಗ ಕೇಳಬೇಕಾದ ಪ್ರಶ್ನೆಯೂ ಬದಲಾಯಿತು. ಅಂತರ ಎಲ್ಲಿಯವರೆಗೆ ಬಿದ್ದರೆ ಎನ್‌ಪಿವಿ ಸೊನ್ನೆಯಾಗುತ್ತದೆ? ಎಕ್ಸೆಲ್‌ನ `Goal Seek` ಇದಕ್ಕೆ ಒಂದು ಕ್ಷಣ ತೆಗೆದುಕೊಳ್ಳುತ್ತದೆ. ಉತ್ತರ ₹854. ₹990ರಿಂದ ₹854ಕ್ಕೆ ಬರೀ ₹136ರ ದೂರ, ಯಜಮಾನರ ಪುಸ್ತಕದಲ್ಲಿ ಅದಕ್ಕಿಂತ ಕೆಳಗಿನ ವಾರಗಳು ಎಷ್ಟೋ ಇದ್ದವು. ಓಟದ ದಿನಗಳಿಗೂ ಹಾಗೇ ನೋಡಿದೆ, ಅದು 208. ಹತ್ತು ವರ್ಷದ ಸರಾಸರಿ ಈ ಗೆರೆಗಿಂತ ಮೇಲಿರುತ್ತದೆಯೇ ಅನ್ನುವುದು ಭಾವನಿಗೆ ತಕ್ಷಣ ಅರ್ಥವಾಗುವ ಪ್ರಶ್ನೆ. "ಎನ್‌ಪಿವಿ ಶೇ 60 ಇಳಿಯುತ್ತೆ" ಅಂದರೆ ಅವರು ನನ್ನ ಮುಖ ನೋಡುತ್ತಿದ್ದರು. "ಕ್ವಿಂಟಾಲಿಗೆ ₹854ಕ್ಕಿಂತ ಕಡಿಮೆ ಉಳಿದರೆ ನಾವು ಈ ದುಡ್ಡನ್ನು ಇಲ್ಲಿ ಹಾಕಬಾರದಿತ್ತು" ಅಂದಾಗ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. 62 ಕೆಜಿ ಎಣ್ಣೆ ಅನ್ನುವ ಅಂಕಿಯನ್ನು ಯಂತ್ರ ಮಾರುವವರು ಹೇಳಿದ್ದರು, ನಾನು ಹಾಗೇ ಹಾಕಿದ್ದೆ. ಅದನ್ನು 61 ಮಾಡಿದೆ. ಒಂದು ಕೆಜಿ ಎಣ್ಣೆ ಹಿಂಡಿಯಲ್ಲೇ ಉಳಿದರೆ ₹163 ಹೋಗಿ ₹26 ಬರುತ್ತದೆ, ನಷ್ಟ ₹137. ಎನ್‌ಪಿವಿ ಸೊನ್ನೆಗೂ ಒಂದು ಕೂದಲೆಳೆ ಕೆಳಗೆ ಹೋಯಿತು. ಪೂರ್ತಿ ಹತ್ತು ವರ್ಷದ ಲಾಭ ಒಂದು ಕೆಜಿ ಎಣ್ಣೆಯಲ್ಲಿತ್ತು!

ಒಂದು ಕೆಜಿ ಎಲ್ಲಿ ಕಳೆದುಹೋಗುತ್ತದೆ ಅಂತ ಹುಡುಕಿದರೆ ಎರಡು ದಾರಿ. ಒಂದು ಯಂತ್ರದ ಸವೆತ. ಎಕ್ಸ್‌ಪೆಲ್ಲರಿನ ಒಳಗಿನ ಸ್ಕ್ರೂ ಸವೆದರೆ ಒತ್ತಡ ಕಡಿಮೆಯಾಗಿ ಹಿಂಡಿಯಲ್ಲಿ ಎಣ್ಣೆ ಉಳಿಯುತ್ತದೆ. 34 ಕೆಜಿ ಹಿಂಡಿಯಲ್ಲಿ ಒಂದು ಕೆಜಿ ಅಂದರೆ ಶೇ 3ರಷ್ಟು, ಕೈಗೆ ಕೊಂಚ ಜಿಡ್ಡು ಹೆಚ್ಚು ಅನಿಸಬಹುದು ಅಷ್ಟೇ. ಹಿಂಡಿಯನ್ನು ಲ್ಯಾಬಿಗೆ ಕಳಿಸಿದರೆ ಮಾತ್ರ ಖಚಿತವಾಗುತ್ತದೆ. ಎರಡನೆಯದು ತೇವ. ಚೆನ್ನಾಗಿ ಒಣಗಿದ ಎಣ್ಣೆ ಕೊಬ್ಬರಿಯಲ್ಲಿ ಶೇ 6ರಷ್ಟು ತೇವ ಇರಬೇಕು. ಶೇ 9 ಇರುವ ಮಾಲು ತೂಗಿ ಕೊಂಡರೆ ಕ್ವಿಂಟಾಲಿನಲ್ಲಿ 94 ಕೆಜಿ ಒಣ ಪದಾರ್ಥದ ಬದಲು 91 ಕೆಜಿ ಸಿಗುತ್ತದೆ, 62 ಕೆಜಿ ಎಣ್ಣೆ 60 ಆಗುತ್ತದೆ. ನಾವು ನೀರಿಗೆ ಕೊಬ್ಬರಿಯ ದುಡ್ಡು ಕೊಟ್ಟ ಹಾಗೆ. ಶೇ 10ರ ಪದ್ಧತಿಯಲ್ಲಿ ಈ ಸಾಲು ಬಂದರೂ 62ರಿಂದ 55.8 ಅಂತ ಬರುತ್ತಿತ್ತು. ಅಷ್ಟು ಯಾರೂ ನಂಬುವುದಿಲ್ಲ, ಹಾಗಾಗಿ ಸಾಲನ್ನೇ ಕಡೆಗಣಿಸುತ್ತಿದ್ದರು. ಒಂದು ಕೆಜಿ ಅಂತ ಕೇಳಿದ್ದರಿಂದ ಉಪಯೋಗಕ್ಕೆ ಬರುವ ಉತ್ತರ ಸಿಕ್ಕಿತು.

ಒಂದೊಂದನ್ನೇ ಅಲುಗಾಡಿಸಿದರೆ ಸಾಲದು ಅನಿಸಿತು, ಯಾಕೆಂದರೆ ಕೆಟ್ಟ ವರ್ಷದಲ್ಲಿ ಒಂದೇ ಸಮಸ್ಯೆ ಬರುವುದಿಲ್ಲ. ಎಕ್ಸೆಲ್‌ನ `Data Table` ಹಾಕಿ ಅಂತರವನ್ನು ಅಡ್ಡಕ್ಕೆ, ದಿನಗಳನ್ನು ಉದ್ದಕ್ಕೆ ಇಟ್ಟು ನೋಡಿದೆ. ಅಂತರ ಮಾತ್ರ ₹900ಕ್ಕೆ ಇಳಿದರೆ ಎನ್‌ಪಿವಿ ₹6.5 ಲಕ್ಷ, ಪಾಸು. ದಿನ ಮಾತ್ರ 225ಕ್ಕೆ ಇಳಿದರೆ ₹7.8 ಲಕ್ಷ, ಅದೂ ಪಾಸು. ಎರಡೂ ಒಟ್ಟಿಗೆ ಬಂದರೆ ಮೈನಸ್ ₹3.7 ಲಕ್ಷ. ಈ `Data Table` ಬಳಸುವವರಿಗೆ ಒಂದು ಮಾತು: ಅಲುಗಾಡಿಸುವ ಅಂಕಿಯ ಕೋಶ ಅದೇ ಹಾಳೆಯಲ್ಲಿರಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ. ಲೆಕ್ಕಾಚಾರದ ಸೆಟ್ಟಿಂಗು `Automatic Except for Data Tables` ಆಗಿದ್ದರೆ ಮೂಲ ಅಂಕಿ ಬದಲಿಸಿದರೂ ಕೋಷ್ಟಕ ಹಳೆಯದನ್ನೇ ತೋರಿಸುತ್ತಿರುತ್ತದೆ. ಕೋಷ್ಟಕದಲ್ಲಿ ₹990 ಮತ್ತು 250 ಸೇರುವ ಜಾಗದಲ್ಲಿ ₹19.2 ಲಕ್ಷವೇ ಇದೆಯೇ ಅಂತ ಪ್ರತಿ ಸಲ ನೋಡುವುದು ನನ್ನ ಅಭ್ಯಾಸ. ಇಲ್ಲದಿದ್ದರೆ `F9` ಒತ್ತುತ್ತೇನೆ.

ಇನ್ನು ಸನ್ನಿವೇಶಗಳು. ಚೆನ್ನಾಗಿ, ಸಾಧಾರಣ, ಕೆಟ್ಟದ್ದು ಅಂತ ಮೂರು ಕಾಲಂ ಮಾಡಿ, ಕೆಟ್ಟದ್ದರಲ್ಲಿ ಎಲ್ಲ ಅಂಕಿಯನ್ನೂ ಶೇ 10 ಕೆಡಿಸುವುದು ಸುಲಭ. ಅದರಿಂದ ಏನೂ ತಿಳಿಯುವುದಿಲ್ಲ. ನಾನು ಭಾವನನ್ನು ಕೂರಿಸಿಕೊಂಡು, ಈ ಕಡೆ ನಿಜವಾಗಿ ಆಗಬಹುದಾದ ಘಟನೆ ಹೇಳಿ, ಆಗ ಯಾವ ಯಾವ ಅಂಕಿ ಒಟ್ಟಿಗೆ ಅಲುಗುತ್ತದೆ ಅಂತ ಕೇಳುತ್ತ ಹೋದೆ.

ಅವರ ಮನಸ್ಸಿನಲ್ಲಿದ್ದ ಭಯ ಕೊಬ್ಬರಿ ದರದ ಕುಸಿತ. ಆ ವರ್ಷ ಹಾಗೇ ಇತ್ತು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ₹11,750 ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿದಿದ್ದರು. ಆ ಸನ್ನಿವೇಶ ಬರೆದೆವು: ಕೊಬ್ಬರಿ ₹8,000, ಎಣ್ಣೆಯೂ ಜೊತೆಗೆ ಇಳಿಯುತ್ತದೆ, ಅಂತರ ಹಾಗೇ ಉಳಿಯುತ್ತದೆ. ಕೈಯಲ್ಲಿರುವ ಹತ್ತು ದಿನದ ಸ್ಟಾಕಿನ ಮೇಲೆ ಒಂದು ಸಲ ₹2 ಲಕ್ಷ ನಷ್ಟ. ಆದರೆ ಮುಂದಿನ ಹಂಗಾಮಿಗೆ ಓಡಾಡುವ ದುಡ್ಡು ₹25 ಲಕ್ಷದ ಬದಲು ₹20 ಲಕ್ಷ ಸಾಕು. ಎರಡನ್ನೂ ಸೇರಿಸಿದರೆ ಎನ್‌ಪಿವಿ ಒಂದು ಲಕ್ಷದಷ್ಟು ಏರಿತು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರೆ ತೋಟದವನಿಗೆ ಹೊಡೆತ, ಮಿಲ್ಲಿನವನಿಗಲ್ಲ" ಅಂದರು. ತೋಟದವರೂ ಮಿಲ್ಲಿನವರೂ ಅವರೇ ಆಗುವುದರಲ್ಲಿದ್ದರು.

ನಿಜವಾದ ಅಪಾಯ ಇದ್ದದ್ದು ದರ ಏರುವುದರಲ್ಲಿ. ಕಾಯಿ ಇಳುವರಿ ಬಿತ್ತು ಅಂದುಕೊಳ್ಳಿ. ಬಿಳಿ ನೊಣದ ಕಾಟ, ಎಳನೀರಿಗೆ ಹೋಗುವ ಕಾಯಿ, ಕಾರಣ ಏನಾದರೂ ಇರಲಿ. ಕೊಬ್ಬರಿ ₹20,000 ಆಗುತ್ತದೆ. ಮಾಲು ಸಿಗದೆ ಓಟ 180 ದಿನಕ್ಕೆ ಇಳಿಯುತ್ತದೆ. ಎಣ್ಣೆ ದುಬಾರಿಯಾದಾಗ ಜನ ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆಗೆ ಹೊರಳುತ್ತಾರೆ, ಹಾಗಾಗಿ ಎಣ್ಣೆ ದರ ಕೊಬ್ಬರಿಯಷ್ಟು ಏರಲಾರದೆ ಅಂತರ ₹750ಕ್ಕೆ ಕುಗ್ಗುತ್ತದೆ. ಮಳೆಗಾಲಕ್ಕೆ ಸ್ಟಾಕು ಖಾಲಿ ಮಾಡಿ ಮಿಲ್ ನಿಲ್ಲಿಸಿರುತ್ತೇವೆ. ಮತ್ತೆ ತೆರೆಯುವಾಗ ದರ ಎರಡರಷ್ಟಾಗಿದ್ದರೆ 25 ದಿನದ ಓಡಾಟಕ್ಕೆ ₹50 ಲಕ್ಷ ಬೇಕು. ಸ್ಟಾಕು ಕೈಯಲ್ಲಿದ್ದಾಗಲೇ ದರ ಏರಿದರೆ ಆ ಸ್ಟಾಕೇ ತನ್ನ ದುಡ್ಡು ತಾನು ತಂದುಕೊಡುತ್ತದೆ, ಆಗ ಉದ್ರಿಗೆ ಮಾತ್ರ ಹೆಚ್ಚು ಬೇಕು. ಖಾಲಿ ಇದ್ದಾಗ ಏರಿದರೆ ಪೂರ್ತಿ ಹೊಸದಾಗಿ ಹೊಂದಿಸಬೇಕು.

ಈ ಸ್ಥಿತಿ ಎರಡನೆಯ, ಮೂರನೆಯ ವರ್ಷ ಬಂದು ಹೋಯಿತು, ಉಳಿದ ಎಂಟು ವರ್ಷ ಸರಿಯಾಗಿದೆ ಅಂತ ಹಾಕಿದೆ. ಎನ್‌ಪಿವಿ ಮೈನಸ್ ₹40 ಸಾವಿರ. ಅದೇ ಎರಡು ಕೆಟ್ಟ ವರ್ಷ ಎಂಟನೆಯ, ಒಂಬತ್ತನೆಯ ವರ್ಷಕ್ಕೆ ಸರಿದರೆ ಪ್ಲಸ್ ₹9.3 ಲಕ್ಷ. ಪೆಟ್ಟು ಅಷ್ಟೇ, ಬೀಳುವ ಹೊತ್ತು ಬೇರೆ. ಹತ್ತು ವರ್ಷಕ್ಕೂ ಒಂದೇ ಸರಾಸರಿ ಹಾಕುವ ಕೋಷ್ಟಕದಲ್ಲಿ ಇದು ಎಂದೂ ಕಾಣುವುದಿಲ್ಲ.

ಎನ್‌ಪಿವಿಯಲ್ಲಿ ಕಾಣದ ಇನ್ನೊಂದು ಇದೆ. ಮೊದಲ ವರ್ಷ ದುಡಿದದ್ದು ₹13.25 ಲಕ್ಷ, ಎರಡನೆಯ ಹಂಗಾಮಿಗೆ ಹೆಚ್ಚುವರಿಯಾಗಿ ಬೇಕಾದದ್ದು ₹25 ಲಕ್ಷ. ಮನೆಗೆ ಒಂದು ರೂಪಾಯಿ ಒಯ್ಯದಿದ್ದರೂ ₹11.75 ಲಕ್ಷ ಕೊರತೆ. ಎನ್‌ಪಿವಿ ಸೂತ್ರ ದುಡ್ಡು ಶೇ 12ಕ್ಕೆ ಯಾವಾಗ ಬೇಕಾದರೂ ಸಿಗುತ್ತದೆ ಅಂತ ನಂಬಿಕೊಂಡು ಲೆಕ್ಕ ಹಾಕುತ್ತದೆ. ನಾವು ಕೇಳಿದ ಬ್ಯಾಂಕಿನಲ್ಲಿ ಸಾಲದ ಲಿಮಿಟ್ ಹೆಚ್ಚಿಸಲು ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್ ಬೇಕು ಅಂದರು, ಅದು ಕೈಗೆ ಬರುವಷ್ಟರಲ್ಲಿ ಹಂಗಾಮೇ ಅರ್ಧ ಮುಗಿದಿರುತ್ತದೆ. ಅಂದಿನಿಂದ ನಾನು ಪ್ರತಿ ಸನ್ನಿವೇಶದ ಕೆಳಗೆ ಎನ್‌ಪಿವಿ ಜೊತೆಗೆ ಇನ್ನೊಂದು ಸಾಲು ಬರೆಯುತ್ತೇನೆ: ಯಾವ ವರ್ಷ ಕೈಯಲ್ಲಿ ಅತಿ ಕಡಿಮೆ ದುಡ್ಡು, ಎಷ್ಟು.

ಇಷ್ಟೆಲ್ಲ ನೋಡಿದ ಮೇಲೆ ಮಿಲ್ ಬೇಡ ಅಂತ ನಾವು ಹೇಳಲಿಲ್ಲ. ಬದಲಿಗೆ ಆ ಕೆಟ್ಟ ಎರಡು ವರ್ಷ ಬಂದರೆ ಏನು ಮಾಡಬಹುದು ಅಂತ ಕೂತು ಯೋಚಿಸಿದೆವು. ಭಾವನೇ ದಾರಿ ಹೇಳಿದರು: ರೈತರು ತಮ್ಮ ಕೊಬ್ಬರಿ ತಂದರೆ ಕೂಲಿಗೆ ಅರೆದುಕೊಡುವುದು. ಎಣ್ಣೆ, ಹಿಂಡಿ ಅವರದೇ, ನಮಗೆ ಕ್ವಿಂಟಾಲಿಗೆ ₹600, ಪ್ಯಾಕಿಂಗ್ ಇಲ್ಲದ್ದರಿಂದ ಖರ್ಚು ಕಳೆದು ₹450. ನಮ್ಮ ದುಡ್ಡು ಒಂದು ಪೈಸೆ ತೊಡಗುವುದಿಲ್ಲ. ಕೆಟ್ಟ ವರ್ಷದಲ್ಲಿ ಅರ್ಧ ಸ್ವಂತ ಮಾಲು, ಅರ್ಧ ಕೂಲಿ ಅಂತ ಲೆಕ್ಕ ಹಾಕಿದೆ. ಆ ವರ್ಷದ ಗಳಿಕೆ ₹3.26 ಲಕ್ಷದಿಂದ ₹2.18 ಲಕ್ಷಕ್ಕೆ ಇನ್ನೂ ಇಳಿಯಿತು. ಆದರೆ ಅರ್ಧ ಮಾಲಿಗೆ ಎರಡರಷ್ಟು ದರ ಅಂದರೆ ಮತ್ತೆ ಅದೇ ₹25 ಲಕ್ಷ, ಹೊಸ ದುಡ್ಡು ಹುಡುಕುವಂತಿಲ್ಲ. ಎನ್‌ಪಿವಿ ಮೈನಸ್‌ನಿಂದ ಪ್ಲಸ್ ₹2.5 ಲಕ್ಷಕ್ಕೆ ಬಂತು.

ಕೂಲಿ ಮಾಲನ್ನು ಬೇರೆ ಬೇರೆಯಾಗಿ ಅರೆಯಲು ಚಿಕ್ಕದೊಂದು ತೊಟ್ಟಿ, ಬೇರೆ ತೂಕದ ಯಂತ್ರ ಬೇಕಿತ್ತು. ಶೆಡ್ಡಿನ ಅಳತೆಯನ್ನು ಕಡಿಮೆ ಮಾಡಿ ಅದೇ ₹40 ಲಕ್ಷದಲ್ಲಿ ಹೊಂದಿಸಿದೆವು. ತೇವ ಅಳೆಯುವ ಮೀಟರ್ ತಂದೆವು. ಯಂತ್ರದ ಕೊನೆಯ ಕಂತನ್ನು ನಮ್ಮದೇ ಕೊಬ್ಬರಿಯಲ್ಲಿ ಮೂರು ದಿನ ಓಡಿಸಿ ತೂಗಿದ ಮೇಲೆ ಕೊಡುವುದು ಅಂತ ಕರಾರಿನಲ್ಲಿ ಬರೆಸಿದೆವು. ಮೊದಲ ದಿನ ತೂಕಕ್ಕೆ ಬಂದದ್ದು 60.4 ಕೆಜಿ. ಮಾರಿದವರು ಬಂದು ಕೋನ್ ಬಿಗಿಮಾಡಿ, ಅರೆಯುವ ಮೊದಲು ಕೊಬ್ಬರಿ ಬಿಸಿಮಾಡುವ ಹೊತ್ತು ಹೆಚ್ಚಿಸಿದ ಮೇಲೆ 61.6ಕ್ಕೆ ನಿಂತಿತು. ಅಲ್ಲಿಗೆ ಹಾಳೆಯಲ್ಲಿ 62 ಅಳಿಸಿ 61.5 ಬರೆದೆ. ಅದರಿಂದ ಎನ್‌ಪಿವಿ ಅರ್ಧವಾಗುತ್ತದೆ ಅಂತ ಭಾವನಿಗೆ ಹೇಳಿಯೇ ನನ್ನ ಪಾಲಿನ ಚೆಕ್ ಕೊಟ್ಟೆ.

ಮಿಲ್ 2024ರಲ್ಲಿ ಶುರುವಾಯಿತು. 2025ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಆ ವರ್ಷದ ಬೆಂಬಲ ಬೆಲೆ ₹12,100ರ ಎರಡರಷ್ಟನ್ನೂ ದಾಟಿ ಹೋಯಿತು, ಎಣ್ಣೆ ಕೊಬ್ಬರಿಯೂ ಹಿಂದೆಯೇ ಏರಿತು. ನಾವು ಕಾಗದದ ಮೇಲೆ ಬರೆದಿದ್ದ ಎರಡನೆಯ ವರ್ಷ ಎರಡನೆಯ ವರ್ಷಕ್ಕೇ ಬಂದು ನಿಂತಿತ್ತು. ನಮ್ಮ ಸನ್ನಿವೇಶದಲ್ಲಿ ಕೆಲವು ಅಂಕಿ ತಪ್ಪಾಗಿದ್ದವು. ಅಂತರ ₹750ಕ್ಕೆ ಕುಗ್ಗುತ್ತದೆ ಅಂದುಕೊಂಡಿದ್ದೆವು, ಸರಾಸರಿ ₹840 ಉಳಿಯಿತು, ಕೊಬ್ಬರಿ ಎಣ್ಣೆಯನ್ನೇ ಬೇಕು ಅನ್ನುವ ಗಿರಾಕಿಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಇದ್ದರು. ಓಟ ಮಾತ್ರ 180 ಅಲ್ಲ, 160 ದಿನಕ್ಕೆ ನಿಂತಿತು. ಕೂಲಿಗೆ ಬಂದ ಮಾಲೂ ನಾವು ಅಂದುಕೊಂಡ ಅರ್ಧದಷ್ಟಿರಲಿಲ್ಲ, ದರ ಅಷ್ಟು ಏರಿದಾಗ ರೈತರು ಅರೆಸುವುದಕ್ಕಿಂತ ಮಾರುವುದನ್ನೇ ಇಷ್ಟಪಟ್ಟರು. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು: ದರ ಏರಿಕೆ ಮತ್ತು ಕೂಲಿ ಮಾಲು ಕೂಡ ಒಂದಕ್ಕೊಂದು ಕಟ್ಟಿದ ಅಂಕಿಗಳೇ. ಆ ವರ್ಷ ಗಳಿಕೆ ಏನೂ ಇರಲಿಲ್ಲ ಅನ್ನಬೇಕು, ಆದರೆ ಸಂಬಳ ನಿಲ್ಲಲಿಲ್ಲ, ಹೊರಗೆ ಬಡ್ಡಿಗೆ ದುಡ್ಡು ತರಲಿಲ್ಲ.

ಈಗ ಭಾವನೂ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದಾರೆ. ವಾರಕ್ಕೆ ಮೂರು ದರ, ಮಗ್ಗುಲಲ್ಲಿ ಕೆಂಪು ಅಂಕಿ, ಜೊತೆಗೆ ನಾನು ಸೇರಿಸಿದ ನಾಲ್ಕನೆಯ ಕಾಲಂ: ಆ ವಾರದ ಕೊಬ್ಬರಿಯ ತೇವ. ತಿಂಗಳ ಕೊನೆಗೆ ಪುಟದ ಫೋಟೋ ಕಳಿಸುತ್ತಾರೆ, ನಾನು ಹಾಳೆಗೆ ಏರಿಸುತ್ತೇನೆ. ಕಳೆದ ತಿಂಗಳ ಪುಟದಲ್ಲಿ ₹854ರ ಕೆಳಗಿನ ಎರಡು ವಾರಕ್ಕೆ ಅವರೇ ಸುತ್ತು ಹಾಕಿ, "ಸ್ಕ್ರೂ ನೋಡಿಸ್ತೀನಿ" ಅಂತ ಬರೆದಿದ್ದರು.